ಗಡುವು ಮೀರಿದ ಡಿಡಿ, ಕಳೆದುಹೋದ ಡಿಡಿ

ಟೆಂಡರಿಗೆ, ಕಾಲೇಜಿಗೆ, ನೇಮಕಾತಿ ಅರ್ಜಿಗೆ ಎಂದು ತೆಗೆಸಿದ ಡಿಡಿ ಬಳಕೆಯಾಗದೆ ಫೈಲಿನಲ್ಲೇ ಉಳಿದುಬಿಡುವುದು ಅಪರೂಪವೇನಲ್ಲ. ತಿಂಗಳುಗಳ ಮೇಲೆ ಅದು ಕೈಗೆ ಸಿಕ್ಕಾಗ, ಮೇಲಿನ ತಾರೀಖು ನೋಡಿ, ‘ಅಯ್ಯೋ, ದುಡ್ಡು ಹೋಯಿತು’ ಎಂದುಕೊಳ್ಳುವವರೇ ಹೆಚ್ಚು. ಹೋಗಿರುವುದಿಲ್ಲ. ಮುಗಿದಿರುವುದು ಕಾಗದದ ಅವಧಿ, ಹಣದ್ದಲ್ಲ.

ಡಿಡಿ ತೆಗೆಸಿದ ದಿನವೇ ಮೊತ್ತ ನಿಮ್ಮ ಖಾತೆಯಿಂದ ಕಳೆದಿರುತ್ತದೆ. ಚೆಕ್ಕಿಗೂ ಡಿಡಿಗೂ ಇರುವ ವ್ಯತ್ಯಾಸವೇ ಇದು. ಚೆಕ್ಕು ನೀವು ಕೊಡುವ ಮಾತು, ಡಿಡಿ ಬ್ಯಾಂಕು ಕೊಡುವ ಮಾತು. ಯಾರೂ ಬಂದು ಕೇಳುವವರೆಗೆ ಆ ಹಣ ಬ್ಯಾಂಕಿನ ಲೆಕ್ಕದಲ್ಲಿ ‘ಬಿಲ್ಸ್ ಪೇಯಬಲ್’ ಎಂಬ ತಲೆಬರಹದಡಿ, ಅಂದರೆ ಬ್ಯಾಂಕು ಕೊಡಬೇಕಾದ ಬಾಕಿಯಾಗಿ ಕೂತಿರುತ್ತದೆ. ಅದಕ್ಕೆ ಬಡ್ಡಿ ಮಾತ್ರ ಸಿಗುವುದಿಲ್ಲ.

ಹಿಂದೆ ಡಿಡಿಗೆ ಆರು ತಿಂಗಳ ಅವಧಿ ಇತ್ತು. ರಿಸರ್ವ್ ಬ್ಯಾಂಕ್ ಅದನ್ನು 2012ರ ಏಪ್ರಿಲ್ 1ರಿಂದ ಮೂರು ತಿಂಗಳಿಗೆ ಇಳಿಸಿತು. ಚೆಕ್ಕಿಗೂ ಪೇ ಆರ್ಡರಿಗೂ ಇದೇ ಲೆಕ್ಕ. ಡಿಡಿಯ ಮೇಲೆ ಈ ಮಾತು ಅಚ್ಚಾಗಿಯೇ ಇರುತ್ತದೆ, ಆದರೆ ಓದುವವರು ಕಡಿಮೆ. ಜೂನ್ 10ರ ಡಿಡಿಯನ್ನು ಸೆಪ್ಟೆಂಬರ್ ಕೊನೆಯಲ್ಲಿ ಕಟ್ಟಿದರೆ ‘ಸ್ಟೇಲ್’ ಎಂದು ವಾಪಸ್ ಬರುತ್ತದೆ.

ಮೂಲ ಡಿಡಿ ಕೈಯಲ್ಲಿದ್ದರೆ ಕೆಲಸ ಸುಲಭ. ಅದನ್ನು ತೆಗೆಸಿದ ಶಾಖೆಗೆ ಹೋಗಿ. ಸಂಗಡ ಕೌಂಟರ್‌ಫಾಯಿಲ್, ಗುರುತಿನ ಚೀಟಿ, ಪಾಸ್‌ಬುಕ್ಕು ಇರಲಿ. ಅಲ್ಲಿ ಕೇಳಬಹುದಾದ್ದು ಎರಡು. ಒಂದು, ರೀವ್ಯಾಲಿಡೇಷನ್, ಅಂದರೆ ಅದೇ ಡಿಡಿಗೆ ಹೊಸ ತಾರೀಖು ಹಾಕಿಸಿ ಅವಧಿ ವಿಸ್ತರಿಸಿಕೊಳ್ಳುವುದು. ಇನ್ನೊಂದು, ರದ್ದು ಮಾಡಿಸಿ ಹಣ ಖಾತೆಗೆ ವಾಪಸ್ ಪಡೆಯುವುದು. ಅದೇ ಹೆಸರಿನವರಿಗೆ ಅಷ್ಟೇ ಮೊತ್ತ ಕೊಡಬೇಕಿದ್ದರೆ ಮೊದಲನೆಯದು ಸಾಕು. ಹೆಸರಿನಲ್ಲಿ ಒಂದಕ್ಷರ ತಪ್ಪಿದ್ದರೂ ತಿದ್ದಿಸುವ ಆಲೋಚನೆ ಬಿಡಿ, ರದ್ದು ಮಾಡಿಸಿ ಹೊಸದು ತೆಗೆಸಿ. ಈಗ ಚೆಕ್ಕು, ಡಿಡಿಗಳೆಲ್ಲ ಚಿತ್ರವಾಗಿ ಕ್ಲಿಯರಿಂಗಿಗೆ ಹೋಗುವುದರಿಂದ ತಿದ್ದುಪಡಿ ಇರುವ ಕಾಗದ ನಡೆಯುವುದಿಲ್ಲ. ಅವಧಿ ವಿಸ್ತರಣೆಗಾಗಿ ತಾರೀಖು ಬದಲಿಸುವುದೊಂದಕ್ಕೇ ಅಲ್ಲಿ ವಿನಾಯಿತಿ. ಹಾಗಿದ್ದರೂ ಕೆಲವು ಶಾಖೆಗಳು ಹಳೆಯದಕ್ಕೆ ಸಹಿ, ಮೊಹರು ಒತ್ತಿಕೊಡುವ ಬದಲು ರದ್ದು ಮಾಡಿ ಹೊಸದನ್ನೇ ಕೊಡುತ್ತವೆ. ನನ್ನನ್ನು ಕೇಳಿದರೆ ಅದೇ ವಾಸಿ. ತಾರೀಖು ತಿದ್ದಿದ ಡಿಡಿ ಕಂಡರೆ ಕಾಲೇಜು ಕಚೇರಿಯ ಗುಮಾಸ್ತರು ಮುಖ ಸಿಂಡರಿಸುತ್ತಾರೆ.

ರದ್ದತಿಗೆ ಶುಲ್ಕ ಇದೆ, ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಶುಲ್ಕ 100 ರೂಪಾಯಿ ಎಂದಿದ್ದರೆ ಶೇ. 18ರ ಜಿಎಸ್‌ಟಿ ಸೇರಿ 118 ಕಡಿತವಾಗುತ್ತದೆ. ಡಿಡಿ ತೆಗೆಸುವಾಗ ಕೊಟ್ಟ ಕಮಿಷನ್ ವಾಪಸ್ ಬರುವುದಿಲ್ಲ.

ಇಲ್ಲೊಂದು ತೊಡಕು ಬರುವುದುಂಟು. ಅರ್ಜಿ ಕೊಡಬೇಕಾದವರು ಯಾರು? ಡಿಡಿ ಯಾರ ಹೆಸರಿಗಿದೆಯೋ ಅವರಲ್ಲ, ತೆಗೆಸಿದವರು. ಡಿಡಿ ಇಟ್ಟುಕೊಂಡು ಮರೆತ ಸಂಸ್ಥೆಯವರು ತಾವೇ ಬ್ಯಾಂಕಿಗೆ ಹೋದರೂ, ತೆಗೆಸಿದವರ ಒಪ್ಪಿಗೆ ಪತ್ರ ತನ್ನಿ ಎಂದು ಬ್ಯಾಂಕು ಹೇಳುವುದು ಸಾಮಾನ್ಯ. ಇತ್ತ ತೆಗೆಸಿದವರು, ಡಿಡಿಯನ್ನು ಇನ್ನೊಬ್ಬರ ಕೈಗೆ ಕೊಟ್ಟಾದ ಮೇಲೆ, ಮನಸ್ಸು ಬದಲಾಯಿತೆಂದು ಪಾವತಿ ನಿಲ್ಲಿಸುವಂತಿಲ್ಲ. ಚೆಕ್ಕಿನ ‘ಸ್ಟಾಪ್ ಪೇಮೆಂಟ್’ ಇಲ್ಲಿ ನಡೆಯದು. ಮೂಲ ಡಿಡಿ ಕೈಗೆ ವಾಪಸ್ ಬಂದರೆ ಮಾತ್ರ ರದ್ದತಿ.

ಕಾಗದವೇ ಕಳೆದುಹೋದರೆ? ಒಂದು ಉದಾಹರಣೆ ಇಟ್ಟುಕೊಳ್ಳೋಣ. ತಿಪಟೂರಿನ ರೈತರೊಬ್ಬರು ಮಗಳ ನರ್ಸಿಂಗ್ ಕಾಲೇಜಿಗೆ 40,000 ರೂಪಾಯಿಯ ಡಿಡಿ ತೆಗೆಸಿ ಬೆಂಗಳೂರಿಗೆ ಕೊರಿಯರ್ ಮಾಡಿದರು. ಲಕೋಟೆ ಸೇರಲೇ ಇಲ್ಲ. ಯಾರಾದರೂ ನಗದು ಮಾಡಿಕೊಂಡುಬಿಟ್ಟರೆ ಎಂಬುದು ಮನೆಯವರ ಮೊದಲ ಭಯ. 20,000 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಡಿಡಿಯನ್ನು ಬ್ಯಾಂಕು ‘ಅಕೌಂಟ್ ಪೇಯೀ’ ಎಂದು ಅಡ್ಡಗೆರೆ ಹಾಕಿಯೇ ಕೊಡಬೇಕು, ಹಾಗಾಗಿ ಹಣ ಹೆಸರಿರುವವರ ಖಾತೆಗೇ ಹೋಗಬೇಕು. ಅದಕ್ಕಿಂತ ಕಡಿಮೆ ಮೊತ್ತದ ಡಿಡಿಗೂ ಆ ಗೆರೆ ಹಾಕಿಕೊಡಿ ಎಂದು ನಾವೇ ಕೇಳಿ ಹಾಕಿಸಿಕೊಳ್ಳುವುದು ಒಳ್ಳೆಯದು.

ಆ ರೈತರು ಮೊದಲು ಮಾಡಬೇಕಾದ್ದು ಡಿಡಿಯ ಆರಂಕಿಯ ಸಂಖ್ಯೆ ಹಿಡಿದು ಶಾಖೆಗೆ ಹೋಗಿ ಕಳೆದಿದೆ ಎಂದು ಬರೆದುಕೊಡುವುದು. ಶಾಖೆಯವರು ಆ ಸಂಖ್ಯೆಯ ಮೇಲೆ ಎಚ್ಚರಿಕೆಯ ಗುರುತು ಹಾಕಿ, ಅದು ಪೇಡ್ ಆಗಿದೆಯೇ ಎಂದು ಕಂಪ್ಯೂಟರಿನಲ್ಲಿ ನೋಡುತ್ತಾರೆ. ಪೇಡ್ ಆಗಿದ್ದರೆ ಹಣ ಯಾವ ಖಾತೆಗೆ ಹೋಯಿತೆಂಬುದು ಹುಡುಕಿದರೆ ಸಿಗುತ್ತದೆ. ಕಾಲೇಜಿನಲ್ಲೇ ಜಮಾ ಆಗಿ ಅಲ್ಲಿಯ ರಸೀದಿ ತಪ್ಪಿದ್ದೂ ಇರಬಹುದು. ಪೇಡ್ ಆಗಿರದಿದ್ದರೆ ನಕಲು ಡಿಡಿಗೆ ಅಥವಾ ಹಣ ವಾಪಸಿಗೆ ಅರ್ಜಿ. ‘ಈ ಡಿಡಿ ನಮಗೆ ತಲುಪಿಲ್ಲ’ ಎಂದು ಕಾಲೇಜಿನಿಂದ ಒಂದು ಪತ್ರ ತಂದರೆ ಕೆಲಸ ಬೇಗ ಸಾಗುತ್ತದೆ.

ಇದರ ಜೊತೆ ಬ್ಯಾಂಕು ಇಂಡೆಮ್ನಿಟಿ ಬಾಂಡ್ ಕೇಳುತ್ತದೆ. ಮುಂದೆ ಮೂಲ ಡಿಡಿ ಎಲ್ಲಿಂದಲೋ ಬಂದು ಬ್ಯಾಂಕಿಗೆ ನಷ್ಟವಾದರೆ ಅದನ್ನು ತುಂಬಿಕೊಡುತ್ತೇನೆ ಎಂದು ಸ್ಟಾಂಪ್ ಪೇಪರಿನಲ್ಲಿ ಬರೆದುಕೊಡುವ ಮುಚ್ಚಳಿಕೆ ಅದು. ಒಕ್ಕಣೆ ಬ್ಯಾಂಕಿನದೇ ಇರುತ್ತದೆ. ಹೊರಗೆ ಟೈಪ್ ಮಾಡಿಸಿ ಆಮೇಲೆ ‘ನಮ್ಮ ನಮೂನೆಯಲ್ಲಿ ಬೇಕು’ ಅನ್ನಿಸಿಕೊಳ್ಳುವ ಬದಲು ಮೊದಲೇ ಕೇಳಿ ಪಡೆಯಿರಿ. ಮೊತ್ತ ದೊಡ್ಡದಾದರೆ ಕೆಲವು ಬ್ಯಾಂಕುಗಳು ಜಾಮೀನುದಾರರ ಸಹಿಯನ್ನೂ ಕೇಳುತ್ತವೆ. 5,000 ರೂಪಾಯಿವರೆಗಿನ ಡಿಡಿಗೆ ಮಾತ್ರ, ಹಣ ಕೊಡಬೇಕಾದ ಶಾಖೆಯಿಂದ ‘ಪಾವತಿಯಾಗಿಲ್ಲ’ ಎಂಬ ಉತ್ತರಕ್ಕೆ ಕಾಯದೆ ಮುಚ್ಚಳಿಕೆಯ ಮೇಲೆಯೇ ನಕಲು ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ.

ಅರ್ಜಿ ಕೊಟ್ಟ ಹದಿನೈದು ದಿನದೊಳಗೆ ನಕಲು ಸಿಗಬೇಕು. ತಡವಾದಷ್ಟು ದಿನಕ್ಕೆ, ಅಷ್ಟೇ ಅವಧಿಯ ನಿಶ್ಚಿತ ಠೇವಣಿಗೆ ಕೊಡುವ ದರದಲ್ಲಿ ಬ್ಯಾಂಕು ಬಡ್ಡಿ ಕೊಡಬೇಕು. ನಮ್ಮ ರೈತರಿಗೆ ಒಂದು ತಿಂಗಳು ತಡವಾಯಿತು, ದರ ವರ್ಷಕ್ಕೆ ಶೇ. 5 ಎಂದುಕೊಂಡರೆ ಸಿಗುವುದು ಸುಮಾರು 164 ರೂಪಾಯಿ. ತಿಪಟೂರಿಂದ ಬೆಂಗಳೂರಿಗೆ ಒಮ್ಮೆ ಹೋಗಿಬಂದರೆ ಖರ್ಚಾಗುವ ಹಣ. ಆದರೂ ಈ ನಿಯಮವನ್ನು ಅರ್ಜಿಯ ಕೊನೆಯಲ್ಲಿ ಒಂದು ಸಾಲು ಬರೆದು, ಅರ್ಜಿಯ ಪ್ರತಿಯ ಮೇಲೆ ತಾರೀಖಿನ ಮೊಹರು ಹಾಕಿಸಿಕೊಂಡರೆ ಕಡತ ತಾನಾಗಿ ಚುರುಕಾಗುತ್ತದೆ. ಲಿಖಿತ ದೂರು ಕೊಟ್ಟು 30 ದಿನವಾದರೂ ಬ್ಯಾಂಕು ಪರಿಹಾರ ಕೊಡದಿದ್ದರೆ cms.rbi.org.in ತಾಣದಲ್ಲಿ ಒಂಬುಡ್ಸ್‌ಮನ್‌ಗೆ ದೂರು ಹಾಕಬಹುದು, ಅದಕ್ಕೆ ಶುಲ್ಕವಿಲ್ಲ. ಮೊಹರು ಬಿದ್ದ ಆ ಪ್ರತಿ ಅಲ್ಲೂ ಬೇಕಾಗುತ್ತದೆ.

ನಕಲು ಸಿಕ್ಕಮೇಲೆ ಕೊರಿಯರಿನವನು ಹಳೆಯ ಲಕೋಟೆ ತಂದುಕೊಟ್ಟರೆ ಅದನ್ನು ಕಾಲೇಜಿಗೆ ಕೊಡಬೇಡಿ, ಮನೆಯಲ್ಲೂ ಇಟ್ಟುಕೊಳ್ಳಬೇಡಿ. ನೇರ ಶಾಖೆಗೆ ಒಪ್ಪಿಸಿ. ಮುಚ್ಚಳಿಕೆಯಲ್ಲಿ ನೀವು ಸಹಿ ಹಾಕಿರುವುದು ಅದಕ್ಕೇ.

ಇನ್ನು ಪೆಟ್ಟಿಗೆಯ ತಳದಲ್ಲಿ ಸಿಗುವ ತೀರಾ ಹಳೆಯ ಡಿಡಿಗಳು. ನಮ್ಮ ರಾಜ್ಯದಲ್ಲಿ ಇವುಗಳ ಪಾಡು ಸ್ವಲ್ಪ ಬೇರೆ, ಏಕೆಂದರೆ ಕೊಟ್ಟ ಬ್ಯಾಂಕಿನ ಬೋರ್ಡೇ ಈಗ ಇರುವುದಿಲ್ಲ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಗೆ ಸೇರಿದವು. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೂ ಸೇರಿಹೋದವು. ಹಳೆಯ ಬ್ಯಾಂಕಿನ ಬಾಕಿಯೆಲ್ಲ ಈಗಿನ ಬ್ಯಾಂಕಿನದೇ, ಆದ್ದರಿಂದ ಅರ್ಜಿಯೂ ಅಲ್ಲಿಗೇ. ಹತ್ತು ವರ್ಷ ಯಾರೂ ಕೇಳದ ಡಿಡಿಯ ಹಣವನ್ನು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ಕಳಿಸಿಬಿಡುತ್ತವೆ. ಆಗಲೂ ನೀವು ಹೋಗಬೇಕಾದ್ದು ರಿಸರ್ವ್ ಬ್ಯಾಂಕಿಗಲ್ಲ, ನಿಮ್ಮ ಬ್ಯಾಂಕಿಗೇ. ಅದು ನಿಮಗೆ ಹಣ ಕೊಟ್ಟು ನಿಧಿಯಿಂದ ತಾನು ವಸೂಲಿ ಮಾಡಿಕೊಳ್ಳುತ್ತದೆ. ತೆಗೆಸಿದವರು ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರವನ್ನೂ ವಾರಸುದಾರರ ದಾಖಲೆಯನ್ನೂ ಜೊತೆಗಿಟ್ಟು ಕೊಡಬೇಕು.