ಅಣ್ಣಿಗೇರಿಯಿಂದ ಬೇಲೂರಿಗೆ ಬಂದ ಬಳಪದ ಕಲ್ಲು

ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಶಿಲ್ಪಿಗಳಿಗೆ ಕೈಗೆಟುಕುವಂತೆ ಸಿಕ್ಕಿದ್ದು ಕೆಂಪು ಮರಳುಗಲ್ಲು. ಮರಳಿನ ಕಣಗಳು ಒಂದಕ್ಕೊಂದು ಅಂಟಿ ಆದ ಕಲ್ಲು ಅದು. ಅದರಲ್ಲಿ ದೊಡ್ಡ ಮೂರ್ತಿ ಚೆನ್ನಾಗಿ ಮೂಡುತ್ತದೆ, ಆದರೆ ನೂಲಿನಷ್ಟು ತೆಳ್ಳಗೆ ಕೊರೆಯಹೊರಟರೆ ಕಣಗಳು ಉದುರಿ ಅಂಚು ಮುರಿಯುತ್ತದೆ.

ಹನ್ನೊಂದನೆಯ ಶತಮಾನದಲ್ಲಿ, ಕಲ್ಯಾಣ ಚಾಲುಕ್ಯರ ಕಾಲಕ್ಕೆ, ಧಾರವಾಡ ಸೀಮೆಯ ಶಿಲ್ಪಿಗಳು ಬೇರೆ ಕಲ್ಲಿಗೆ ಕೈ ಹಾಕಿದರು. ಸುಮಾರು 1050ರ ಅಣ್ಣಿಗೇರಿಯ ಅಮೃತೇಶ್ವರ ದೇವಾಲಯವನ್ನು ಬಳಪದ ಕಲ್ಲಿನ ಮೊದಲ ಗುಡಿಯೆಂದು ಹೇಳುವುದುಂಟು. ಈ ಬದಲಾವಣೆಗೆ ಯಾವ ಶಾಸನವೂ ಬೇಕಿಲ್ಲ, ಗುಡಿಗಳೇ ಸಾಕ್ಷಿ. ಗೋಡೆಯ ಕಲ್ಲುಗಳು ಸಣ್ಣವಾದವು, ಕೆತ್ತನೆ ಆಳವಾಯಿತು, ಕಂಬಗಳು ಕಡೆದಂತೆ ದುಂಡಗೆ ನುಣುಪಾದವು. 1112ರ ಇಟಗಿಯ ಮಹಾದೇವ ದೇವಾಲಯಕ್ಕೆ ಬರುವ ಹೊತ್ತಿಗೆ ಆ ಕಲ್ಲು ಶಿಲ್ಪಿಗಳ ಕೈಗೆ ಪೂರ್ತಿ ಒಗ್ಗಿತ್ತು.

ಭೂಮಿಯೊಳಗಿನ ಮೆಗ್ನೀಸಿಯಂ ತುಂಬಿದ ಹಳೆಯ ಶಿಲೆ, ಬಿಸಿಯೂ ಒತ್ತಡವೂ ನೀರೂ ಸೇರಿ ಮಾರ್ಪಟ್ಟಾಗ ಈ ಕಲ್ಲು ಹುಟ್ಟುತ್ತದೆ. ಅದರಲ್ಲಿ ಮುಖ್ಯವಾಗಿರುವುದು ಟಾಲ್ಕ್ ಮತ್ತು ಕ್ಲೋರೈಟ್. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮಾಪನದಲ್ಲಿ ಟಾಲ್ಕ್ 1, ಕ್ಲೋರೈಟ್ ಎರಡಕ್ಕಿಂತ ತುಸು ಹೆಚ್ಚು. ಮರಳುಗಲ್ಲಿನ ಸ್ಫಟಿಕ ಕಣವಾದರೆ 7. ಹಾಗಾಗಿ ಉಕ್ಕಿನ ಉಳಿ ಇಲ್ಲಿ ಬೇಗ ಮೊಂಡಾಗುವುದಿಲ್ಲ. ಕಣಗಳು ಸೂಕ್ಷ್ಮವಾಗಿ ಹೆಣೆದುಕೊಂಡಿರುವುದರಿಂದ ಅಂಚೂ ನಿಲ್ಲುತ್ತದೆ. ಮೃದುತನಕ್ಕಿಂತ ಈ ಎರಡನೆಯ ಗುಣವೇ ದೊಡ್ಡದು ಎಂದು ನನಗನ್ನಿಸುತ್ತದೆ. ಮೃದುವಾಗಿದ್ದೂ ಪುಡಿಯಾಗುವ ಕಲ್ಲುಗಳು ಎಷ್ಟೋ ಇವೆ.

ವಿಷ್ಣುವರ್ಧನ 1117ರಲ್ಲಿ ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿದಾಗ ಅಲ್ಲಿ ದುಡಿದವರಲ್ಲಿ ಬಳ್ಳಿಗಾವಿಯ ದಾಸೋಜ ಮತ್ತು ಅವನ ಮಗ ಚಾವಣ ಇದ್ದರು. ಮದನಿಕೆಯರ ಕೆಳಗೆ ಅವರ ಹೆಸರುಗಳಿವೆ. ಬಳ್ಳಿಗಾವಿ ಚಾಲುಕ್ಯರ ನಾಡಿನ ಊರು. ಉತ್ತರದಲ್ಲಿ ಪಳಗಿದ ಕೈಗಳೇ ಹೊಯ್ಸಳರ ಗುಡಿಗೂ ಬಂದವು. ಮದನಿಕೆಯೊಬ್ಬಳ ಕೈಬಳೆ ಇಂದಿಗೂ ಅಲುಗಾಡುತ್ತದೆನ್ನುತ್ತಾರೆ. ಒಂದೇ ಕಲ್ಲಿನಲ್ಲಿ ಬಳೆಯನ್ನು ಕೈಯಿಂದ ಬಿಡಿಸಬೇಕಾದರೆ ಉಳಿಯ ಪೆಟ್ಟಿಗಿಂತ ಹೆರೆಯುವುದೂ ತಿಕ್ಕುವುದೂ ಹೆಚ್ಚು. ಅದಕ್ಕೆ ಮಣಿಯುವುದು ಬಳಪದ ಕಲ್ಲೇ.

ಇನ್ನು ಈ ಕಲ್ಲು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ ಎಂಬ ಮಾತು. ಆಗತಾನೇ ಗಣಿಯಿಂದ ತೆಗೆದ ಕಲ್ಲಿನ ಸಂದುಗಳಲ್ಲಿ ನೀರಿನ ಅಂಶವಿರುತ್ತದೆ. ಗಾಳಿಗೆ ಅದು ಆರುವಾಗ ಕರಗಿದ್ದ ಖನಿಜಗಳು ಮೇಲ್ಮೈಯ ಬಳಿ ಉಳಿದು ಸಂದುಗಳನ್ನು ಬಿಗಿಯುತ್ತವೆ, ಕಬ್ಬಿಣದ ಅಂಶ ಗಾಳಿಯೊಡನೆ ಬೆರೆತು ಬಣ್ಣ ಗಾಢವಾಗುತ್ತದೆ ಎಂಬುದು ವಿವರಣೆ. ಒತ್ತಾದ ಕಲ್ಲಾದ್ದರಿಂದ ಈ ಬಿಗಿತ ಹೊರಪದರಕ್ಕೇ ಸೀಮಿತ. ಮುಕ್ಕಾದ ಜಾಗದಲ್ಲಿ ಇದು ಗೊತ್ತಾಗುತ್ತದೆ: ಹೊರಮೈ ಕಪ್ಪಗಿದ್ದರೆ ಒಡೆದ ಒಳಮೈ ಹಸಿರುಬೂದು. ಒಳಗಿನ ಟಾಲ್ಕ್ ಟಾಲ್ಕ್ ಆಗಿಯೇ ಉಳಿದಿರುತ್ತದೆ, ಚಾಕು ತಾಗಿದರೆ ಇಂದಿಗೂ ಗೀರು ಬೀಳುತ್ತದೆ. ಪದರವಿರುವ ಕಡೆ ಬಿರುಕು ಆ ಪದರದ ಗುಂಟವೇ ಓಡುತ್ತದೆ. ಹೊರಚಾಚಿದ ಬೆರಳು, ಮೂಗುಗಳು ಮೊದಲು ಮುರಿಯುವುದು ಹೀಗೆ.