ತಾಟೆಯೋ, ತೊರಕೆಯೋ?

ಮಲ್ಪೆ ಬಂದರಿನ ಸಿಮೆಂಟು ನೆಲದ ಮೇಲೆ ಬೆನ್ನು ಮೇಲಾಗಿ ಬಿದ್ದ ಮೀನಿನ ಫೋಟೊ ಒಂದು ನಿಮ್ಮ ಮೊಬೈಲಿಗೆ ಬಂದಿದೆ ಎಂದುಕೊಳ್ಳಿ. ಹಿಂಭಾಗ ನೋಡಿದರೆ ಥೇಟ್ ತಾಟೆ, ಅಂದರೆ ಶಾರ್ಕ್. ದಪ್ಪ ಬಾಲ, ಬೆನ್ನ ಮೇಲೆ ನೆಟ್ಟಗೆ ನಿಂತ ಎರಡು ಈಜುರೆಕ್ಕೆ. ಮುಂಭಾಗ ಮಾತ್ರ ತೊರಕೆಯ ಹಾಗೆ ಚಪ್ಪಟೆ. ಇದು ಯಾವ ಮೀನು?

ಬಣ್ಣ ನೋಡಿ ಹೇಳುತ್ತೇನೆಂದು ಹೊರಟರೆ ಮೋಸ ಹೋಗುತ್ತೀರಿ. ಸತ್ತ ಮೀನಿನ ಬಣ್ಣ ಬಿಸಿಲಿಗೆ, ಐಸಿಗೆ ಬೇಗ ಮಾಸುತ್ತದೆ. ಗಾತ್ರವೂ ಅಷ್ಟೆ. ಅಳತೆಗೆಂದು ಪಕ್ಕದಲ್ಲಿ ಏನೂ ಇರದಿದ್ದರೆ ಮೊಳದುದ್ದದ ಮೀನು ಮಾರುದ್ದ ಕಾಣುತ್ತದೆ. ನಂಬಬೇಕಾದದ್ದು ಮೈಯ ಕಟ್ಟನ್ನು.

ಮೊದಲು ಕಿವಿರು ಹುಡುಕಿ. ಶಾರ್ಕಿನ ಕಿವಿರಿನ ಸೀಳುಗಳು ತಲೆಯ ಪಕ್ಕದಲ್ಲಿರುತ್ತವೆ. ಸಾಮಾನ್ಯವಾಗಿ ಒಂದೊಂದು ಬದಿಗೆ 5, ಕೆಲವೇ ಜಾತಿಗಳಲ್ಲಿ 6 ಅಥವಾ 7. ತೊರಕೆಗಳ ಬಳಗದಲ್ಲಿ ಅವು ತಲೆಯ ಅಡಿಗೆ, ಬಾಯಿಯ ಹಿಂದೆ ಸಾಲಾಗಿರುತ್ತವೆ. ನಮ್ಮ ಫೋಟೊದಲ್ಲಿ ಬೆನ್ನು ಮೇಲಿದೆ, ಹಾಗಾಗಿ ಅಡಿಯ ಸೀಳು ಕಾಣುವಂತಿಲ್ಲ. ಆಗ ಎದೆಯ ಈಜುರೆಕ್ಕೆಯ ಮುಂದಿನ ಅಂಚನ್ನು ಬೆರಳಿಟ್ಟು ಹಿಂಬಾಲಿಸಿ. ಶಾರ್ಕಿನಲ್ಲಿ ಅದು ಮೈಯಿಂದ ತೋಳಿನಂತೆ ಬೇರೆಯಾಗಿ ಹೊರಟಿರುತ್ತದೆ. ಇಲ್ಲಿ ಹಾಗಿಲ್ಲ, ಅಂಚು ಮುಂದೆ ಬಂದು ತಲೆಯ ಪಕ್ಕಕ್ಕೇ ಬೆಸೆದುಕೊಂಡಿದೆ. ಹಿಂಭಾಗ ಎಷ್ಟೇ ತಾಟೆಯಂತಿದ್ದರೂ ಇದು ತೊರಕೆಯ ಕಡೆಯ ನಂಟು. ಗರಗಸ ಮೀನಿನ ಕತೆಯೂ ಇದೇ. ನೋಡಲು ಶಾರ್ಕ್, ಕಿವಿರು ಮಾತ್ರ ಅಡಿಯಲ್ಲಿ.

ಇಷ್ಟಾದ ಮೇಲೆ ಉಳಿಯುವ ಮುಖ್ಯ ಸಾಧ್ಯತೆಗಳು ಎರಡು: ಗಿಟಾರ್ ಮೀನು ಮತ್ತು ವೆಜ್ ಮೀನು. ಮೀನು ಎಣಿಸುವವರು ಹೆಚ್ಚು ಎಡವುವುದು ಇಲ್ಲಿ ಎಂದು ನನ್ನ ಅಂದಾಜು, ಏಕೆಂದರೆ ಬಾಯಿಮಾತಿನಲ್ಲಿ ಎರಡನ್ನೂ ಗಿಟಾರ್ ಎಂದೇ ಕರೆದುಬಿಡುತ್ತೇವೆ. ಬಿಡಿಸಿ ಹೇಳುವುದು ಬೆನ್ನಿನ ಮೊದಲ ಈಜುರೆಕ್ಕೆ. ಅದರ ಬುಡ ಎಲ್ಲಿ ಶುರುವಾಗುತ್ತದೋ ಅಲ್ಲಿಂದ ಮೈಗೆ ಅಡ್ಡಲಾಗಿ ಒಂದು ಗೆರೆ ಎಳೆದಂತೆ ಊಹಿಸಿಕೊಳ್ಳಿ. ಗೆರೆ ಹೊಟ್ಟೆಯ ಈಜುರೆಕ್ಕೆಗಳ ಮೇಲೆಯೇ ಅಥವಾ ಅವುಗಳಿಗಿಂತ ತುಸು ಮುಂದೆ ಹಾದರೆ ವೆಜ್ ಮೀನು. ಹೊಟ್ಟೆಯ ರೆಕ್ಕೆಗಳು ಮುಗಿದು ಸಾಕಷ್ಟು ಹಿಂದಕ್ಕೆ ಬಿದ್ದರೆ ಗಿಟಾರ್. ಬಾಲವೂ ಇದಕ್ಕೆ ಸಾಕ್ಷಿ ಹೇಳುತ್ತದೆ. ವೆಜ್ ಮೀನಿನ ಬಾಲಕ್ಕೆ ಶಾರ್ಕಿನಂತೆ ಕೆಳಗೂ ಒಂದು ಸ್ಪಷ್ಟ ಹಾಲೆ ಇರುತ್ತದೆ, ಗಿಟಾರಿನದಕ್ಕೆ ಇರುವುದಿಲ್ಲ.

ಈ ಗುರುತನ್ನು ನಾನು ಹೆಚ್ಚು ನಂಬುವುದಕ್ಕೆ ಕಾರಣವಿದೆ. ಮೊಬೈಲನ್ನು ತಲೆಯ ಹತ್ತಿರ ಹಿಡಿದರೆ ತಲೆ ದೊಡ್ಡದಾಗಿ, ಬಾಲ ಪುಟ್ಟದಾಗಿ ಬರುತ್ತದೆ. ಅಳತೆ ಹೀಗೆ ಕೆಟ್ಟರೂ ಯಾವ ರೆಕ್ಕೆ ಮುಂದೆ, ಯಾವುದು ಹಿಂದೆ ಎಂಬ ಸರದಿ ಸುಲಭಕ್ಕೆ ಕೆಡುವುದಿಲ್ಲ. ರೆಕ್ಕೆಗಳನ್ನು ಕತ್ತರಿಸಿ ತೆಗೆದಿದ್ದರೂ ಗಾಯದ ಜಾಗ ಸಾಕು. ಆದರೆ ನೋಡಬೇಕಾದದ್ದು ಬುಡವನ್ನು, ತುದಿಯನ್ನಲ್ಲ. ರೆಕ್ಕೆ ಪಕ್ಕಕ್ಕೆ ವಾಲಿ ಬಿದ್ದಿದ್ದರೆ ತುದಿ ಒಂದು ಗೇಣು ಹಿಂದೆ ಹೋಗಿರಬಹುದು.

ನಮ್ಮ ಫೋಟೊದಲ್ಲಿ ಗೆರೆ ಹೊಟ್ಟೆಯ ರೆಕ್ಕೆಗಳ ಮೇಲೆಯೇ ಬಿತ್ತು, ಬಾಲದ ಕೆಳಹಾಲೆಯೂ ಕಾಣುತ್ತಿದೆ. ವೆಜ್ ಮೀನೇ. ಇನ್ನು ಮೂತಿ. ಅಗಲವಾಗಿ, ಬಿಲ್ಲಿನಂತೆ ದುಂಡಗಿದ್ದರೆ ಅದು ರೈನಾ ಆಂಕಿಲೋಸ್ಟೋಮಾ. ಅದರ ತಲೆಯ ಮೇಲೆ ಮುಳ್ಳುಗಂಟುಗಳ ದಪ್ಪ ಏಣುಗಳೂ ಇರುತ್ತವೆ. ನಮ್ಮದು ಚೂಪು ತ್ರಿಕೋನ, ಆದ್ದರಿಂದ ರಿಂಕೋಬೇಟಸ್ ಕುಲ. ಗಿಟಾರ್ ಎಂದು ತೀರ್ಮಾನವಾಗಿದ್ದರೂ ಮೂತಿ ಬೇಕಾಗುತ್ತಿತ್ತು: ಗ್ಲಾಕೋಸ್ಟೆಗಸ್ ಗ್ರ್ಯಾನುಲೇಟಸ್‌ನದು ಉದ್ದ, ಚೂಪು, ಒಬ್ಟುಸಸ್‌ನದು ಗಿಡ್ಡ, ಮೊಂಡು. ಆದರೆ ರೆಕ್ಕೆಯ ಸರದಿಯಷ್ಟು ಮೂತಿಯನ್ನು ನಂಬಲಾಗದು. ಬಾಲದ ಕಡೆಯಿಂದ ತೆಗೆದ ಫೋಟೊದಲ್ಲಿ ಉದ್ದ ಮೂತಿಯೂ ಮೊಂಡಾಗಿ ಬರುತ್ತದೆ.

ಕುಲದಿಂದ ಜಾತಿಗೆ ಹೋಗಲು ಚುಕ್ಕೆ ಬೇಕು. ರಿಂಕೋಬೇಟಸ್ ಆಸ್ಟ್ರೇಲಿಯೇಯಲ್ಲಿ ಎದೆರೆಕ್ಕೆಯ ಬುಡದ ಕಪ್ಪು ಮಚ್ಚೆಯ ಪಕ್ಕ ಮೂರು ಬಿಳಿ ಚುಕ್ಕೆಗಳ ಸಾಲಿರುತ್ತದೆ. ದೊಡ್ಡ ಮೀನಿನಲ್ಲಿ ಅದು ಮಸುಕಾಗಿರುತ್ತದೆ, ನಮ್ಮ ಫೋಟೊದಲ್ಲಿ ಕಾಣುತ್ತಲೇ ಇಲ್ಲ. ಹೆಸರಿನ ತೊಡಕು ಕಾನೂನಿನವರೆಗೂ ಹೋದದ್ದುಂಟು. 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿದ್ದು ರಿಂಕೋಬೇಟಸ್ ಜಿಡ್ಡೆನ್ಸಿಸ್. ಇಂದಿನ ವರ್ಗೀಕರಣದಂತೆ ಅದು ಕೆಂಪು ಸಮುದ್ರದಿಂದ ದಕ್ಷಿಣ ಆಫ್ರಿಕಾದವರೆಗಿನ ಮೀನು. ನಮ್ಮ ಬಲೆಗೆ ಬೀಳುವವು ಆಸ್ಟ್ರೇಲಿಯೇ, ಲೇವಿಸ್.

ಹಾಗಾಗಿ ಪಟ್ಟಿಯಲ್ಲಿ ರಿಂಕೋಬೇಟಸ್ ಎಂದಷ್ಟೇ ಬರೆದು, ಜಾತಿಯ ಕಾಲಂ ಖಾಲಿ ಬಿಡಬೇಕು. ಮೀನು ಇನ್ನೂ ಹರಾಜಾಗದಿದ್ದರೆ ಫೋಟೊ ಕಳಿಸಿದವರಿಗೆ ಫೋನ್ ಮಾಡಿ, ಎದೆರೆಕ್ಕೆಯ ಬುಡಕ್ಕೆ ನೀರು ಹೊಯ್ದು ಹತ್ತಿರದಿಂದ ಒಂದು, ಮೀನನ್ನು ಮಗುಚಿ ಹೊಟ್ಟೆಯ ಕಡೆಯಿಂದ ಇನ್ನೊಂದು ಫೋಟೊ ತೆಗೆಯಲು ಕೇಳಬಹುದು.