ಪ್ರಾರ್ಥನೆಗೆ ಬಾರದ ಅರವತ್ತು ಮಕ್ಕಳು

ಬೆಳಗಿನ ತಿಂಡಿ ತಿನ್ನದೆ ಶಾಲೆಗೆ ಬರುವ ಮಕ್ಕಳೆಷ್ಟು? ಲೆಕ್ಕಕ್ಕಾಗಿ 480 ಮಕ್ಕಳಿರುವ ಒಂದು ಪ್ರೌಢಶಾಲೆಯನ್ನು ಊಹಿಸಿಕೊಳ್ಳಬಹುದು. ಪ್ರಾರ್ಥನೆ ಮುಗಿದೊಡನೆ ಶಿಕ್ಷಕರು ಈ ಪ್ರಶ್ನೆ ಕೇಳಿ ಕೈ ಎತ್ತಿಸುತ್ತಾರೆ. ಮೈದಾನದಲ್ಲಿರುವ 420 ಮಕ್ಕಳಲ್ಲಿ 63 ಮಂದಿ ಕೈ ಎತ್ತುತ್ತಾರೆ. ಅಂದರೆ ನೂರಕ್ಕೆ 15.

ಉಳಿದ 60 ಮಕ್ಕಳು ಎಲ್ಲಿ? ಕೆಲವರ ಬಸ್ಸು ಇನ್ನೂ ಬಂದಿಲ್ಲ, ಕೆಲವರಿಗೆ ಮನೆಗೆಲಸ ಮುಗಿದಿಲ್ಲ, ಕೆಲವರಿಗೆ ಹುಷಾರಿಲ್ಲ. ತಿಂಡಿ ತಪ್ಪುವುದೂ ಹೆಚ್ಚಾಗಿ ಇಂಥವರಿಗೇ. ಅವರಲ್ಲಿ 36 ಮಂದಿ ಹಸಿದು ಬರುವವರಾದರೆ ಇಡೀ ಶಾಲೆಯ ಲೆಕ್ಕ 99ಕ್ಕೆ, ಅಂದರೆ ನೂರಕ್ಕೆ ಸುಮಾರು 21ಕ್ಕೆ ಏರುತ್ತದೆ. ಇಷ್ಟೊಂದು ಮಕ್ಕಳನ್ನು ಕೇಳಿಯೂ ಉತ್ತರ ತಪ್ಪಿತು. ಯಾರನ್ನು ಬಿಟ್ಟಿದ್ದೇವೆ ಎಂಬುದಕ್ಕೂ ಕೇಳುತ್ತಿರುವ ಪ್ರಶ್ನೆಗೂ ನಂಟಿದ್ದರೆ, ಎಷ್ಟು ಜನರನ್ನು ಕೇಳಿದರೂ ಈ ವಾಲಿಕೆ ಹೋಗುವುದಿಲ್ಲ.

ಗ್ರಾಮೀಣ ಮಕ್ಕಳ ಓದು, ಲೆಕ್ಕ ಅಳೆಯುವ ‘ಅಸರ್’ ಸಮೀಕ್ಷೆ ಶಾಲೆಗಳಿಗೆ ಬದಲು ಮನೆಗಳಿಗೆ ಹೋಗುವುದು ಇದೇ ಕಾರಣಕ್ಕೆ. ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ. ಶಾಲೆ ಬಿಟ್ಟವರು, ಅಂದು ಗೈರಾದವರು, ಖಾಸಗಿ ಶಾಲೆಯವರು ಎಲ್ಲರೂ ಅಲ್ಲಿ ಸಿಗುತ್ತಾರೆ.

ನಮ್ಮ ಊಹೆಯ ಶಾಲೆಯಲ್ಲಿ ಆಯ್ಕೆ ಮೈದಾನದಿಂದಲ್ಲ, ಹಾಜರಿ ಪುಸ್ತಕದಿಂದ ಶುರುವಾಗಬೇಕು. ಗೈರಾದವರ ಹೆಸರೂ ಅದರಲ್ಲಿರುತ್ತದೆ. ಎಂಟನೆಯ ತರಗತಿಯಲ್ಲಿ 200, ಒಂಬತ್ತರಲ್ಲಿ 160, ಹತ್ತರಲ್ಲಿ 120 ಮಕ್ಕಳಿದ್ದಾರೆ. ಕೇಳಬೇಕಾದವರು ಒಟ್ಟು 120. ನಾಲ್ವರಿಗೆ ಒಬ್ಬರಂತೆ ಕ್ರಮವಾಗಿ 50, 40, 30 ಮಕ್ಕಳು ಬೇಕು. ತರಗತಿಗೊಂದು ಡಬ್ಬದಲ್ಲಿ ಪ್ರತಿ ಮಗುವಿನ ಕ್ರಮಸಂಖ್ಯೆಯ ಒಂದೇ ಅಳತೆಯ ಚೀಟಿ ಹಾಕಿ, ಚೆನ್ನಾಗಿ ಕಲಸಿ, ಬೇಕಾದಷ್ಟು ಎತ್ತಿದರಾಯಿತು. ಶಿಕ್ಷಕರೇ ‘ಯಾರಾದರೂ ಹತ್ತು ಜನ ಬನ್ನಿ’ ಎಂದರೆ ಮುಂದಿನ ಬೆಂಚಿನವರೇ ಎದ್ದು ಬರುತ್ತಾರೆ.

ಎಡವುವುದು ಇಲ್ಲಿಂದ ಮುಂದೆ. ಚೀಟಿಯಲ್ಲಿ ಬಂದ ಹುಡುಗಿ ಅಂದು ಶಾಲೆಗೆ ಬಂದಿಲ್ಲವೆಂದು ಪಕ್ಕದಲ್ಲಿ ಕೂತವಳನ್ನು ಕೇಳಿದರೆ ಹಳೆಯ ತಪ್ಪೇ ಹಿಂಬಾಗಿಲಿನಿಂದ ಒಳಬರುತ್ತದೆ. ಮರುದಿನ, ಅದರ ಮರುದಿನವೂ ಅವಳನ್ನೇ ಹುಡುಕಬೇಕು. ಕೊನೆಗೂ ಸಿಗದವರು ಎಷ್ಟೆಂದು ವರದಿಯಲ್ಲಿ ಬರೆಯಬೇಕು.

ಆಯ್ಕೆ ಸರಿಯಾಗಿದೆಯೇ ಎಂದು ನೋಡಲು ಉತ್ತರ ಕೊಟ್ಟವರನ್ನು ಶಾಲೆಗೆ ಮೊದಲೇ ಗೊತ್ತಿರುವ ಲೆಕ್ಕಗಳೊಂದಿಗೆ ಹೋಲಿಸಬಹುದು. ಇಡೀ ಶಾಲೆಯಲ್ಲಿ ಅರ್ಧದಷ್ಟು ಮಕ್ಕಳು ಬಸ್ ಪಾಸಿನವರಾಗಿದ್ದು, ಉತ್ತರಿಸಿದವರಲ್ಲಿ ಕಾಲುಭಾಗ ಮಾತ್ರ ಅಂಥವರಿದ್ದರೆ, ದೂರದ ಊರಿನವರು ಎಲ್ಲೋ ತಪ್ಪಿಹೋಗಿದ್ದಾರೆ.

ಇಷ್ಟಾದರೂ 120 ಮಕ್ಕಳಿಂದ ಬರುವ ಅಂಕಿ ಅಂದಾಜೇ. ಉತ್ತರ ನೂರಕ್ಕೆ 21 ಎಂದು ಬಂದರೆ, ನಿಜಸಂಖ್ಯೆ ಸುಮಾರು 15ರಿಂದ 27ರೊಳಗೆ ಇರಬಹುದು. ಇನ್ನೊಂದು ತೊಡಕನ್ನು ಚೀಟಿ ಎತ್ತುವುದರಿಂದ ಬಗೆಹರಿಸಲಾಗದು: ಹಸಿವನ್ನು ಎಲ್ಲರೆದುರು ಹೇಳಿಕೊಳ್ಳಲು ಮಕ್ಕಳು ನಾಚುತ್ತಾರೆ. ಅದಕ್ಕೆ ಕೈ ಎತ್ತಿಸುವುದನ್ನು ಬಿಟ್ಟು, ಹೆಸರಿಲ್ಲದ ಕಾಗದದ ಮೇಲೆ ಉತ್ತರ ಬರೆಸಿಕೊಳ್ಳಬೇಕು.